ಬಾಲ್ಕನಿಯ ಸೀಲಿಂಗ್ ಹ್ಯಾಂಗರ್: ಒಂದೇ ಕಡೆಯ ಬ್ರಾಕೆಟ್ ಕಿತ್ತು ಬಂದದ್ದೇಕೆ?

ಮೂರನೇಮಹಡಿ, ಮಡಿಕೇರಿ

ಎಲ್ಲರಿಗೂ ನಮಸ್ಕಾರ. ಎರಡು ವರ್ಷಗಳ ಹಿಂದೆ ನಮ್ಮ ಬಾಲ್ಕನಿಯ ಸೀಲಿಂಗಿಗೆ ಆರು ಅಡಿ ಉದ್ದದ ಆರು ಸ್ಟೀಲ್ ಪೈಪುಗಳಿರುವ, ಹಗ್ಗ ಎಳೆದು ಒಂದೊಂದನ್ನೇ ಮೇಲೇರಿಸುವ ಬಟ್ಟೆ ಹ್ಯಾಂಗರ್ ಹಾಕಿಸಿದ್ದೆವು. ಕಕ್ಕಡದ ಮಳೆಯಲ್ಲಿ ಬಟ್ಟೆ ಒಣಗಲು ಮೂರು ನಾಲ್ಕು ದಿನ ಬೇಕಾಗುವುದರಿಂದ, ಹಳೆಯ ಬಟ್ಟೆ ಇಳಿಯುವ ಮೊದಲೇ ಹೊಸತು ಏರುತ್ತದೆ. ಕಳೆದ ಭಾನುವಾರ ನನ್ನ ಯಜಮಾನರು ನಾಲ್ಕನೆಯ ಪೈಪನ್ನು ಎಳೆದು ಕಟ್ಟುತ್ತಿದ್ದಾಗ ಒಂದು ಬ್ರಾಕೆಟ್ ಸ್ಕ್ರೂಗಳ ಸಮೇತ ಕಿತ್ತು ಕೆಳಗೆ ಬಂತು. ದೇವರ ದಯೆಯಿಂದ ಪೈಪುಗಳು ಕಟಕಟೆಯ ಮೇಲೆ ಬಿದ್ದವು, ಯಾರಿಗೂ ಪೆಟ್ಟಾಗಲಿಲ್ಲ.

ನನಗೆ ಅರ್ಥವಾಗದಿರುವುದು ಇಷ್ಟೇ. ಕಿತ್ತು ಬಂದದ್ದು ಹಗ್ಗ ಕಟ್ಟುವ ಗೋಡೆಯ ಕೊಕ್ಕೆಯ ಕಡೆಯ ಬ್ರಾಕೆಟ್. ಆಚೆ ತುದಿಯ ಬ್ರಾಕೆಟ್ ಸುತ್ತ ಸುಣ್ಣದಲ್ಲಿ ಒಂದು ಬಿರುಕು ಕೂಡ ಇಲ್ಲ. ಎರಡನ್ನೂ ಒಬ್ಬನೇ ಫಿಟ್ಟರ್ ಒಂದೇ ದಿನ, ಒಂದೇ ಬಗೆಯ ಸ್ಕ್ರೂ ಮತ್ತು ಪ್ಲಾಸ್ಟಿಕ್ ಪ್ಲಗ್ ಬಳಸಿ ಹಾಕಿದ್ದ. ಪೆಟ್ಟಿಗೆಯ ಮೇಲೆ 30 ಕೆ.ಜಿ. ಎಂದು ಬರೆದಿದೆ, ನಾವು ಅಷ್ಟೇನೂ ಹಾಕಿರಲಿಲ್ಲ. ಅದೇ ತೂತುಗಳಿಗೆ ಸ್ವಲ್ಪ ದಪ್ಪನೆಯ ಪ್ಲಗ್ ಹೊಡೆದು ಮತ್ತೆ ಕೂರಿಸಿದರೆ ಸಾಕೇ?

ಪೇಟೆಹುಡುಗ, ವಿರಾಜಪೇಟೆ

ಅಕ್ಕಾ, ಆ ಕಡೆಯ ಪ್ಲಗ್ ಕಳಪೆಯದಾಗಿರಬೇಕು, ಬೇರೆ ಕಾರಣ ಇರಲಾರದು. ರಾಟೆ ಇದ್ದರೆ ಭಾರ ಅರ್ಧಕ್ಕೆ ಇಳಿಯುತ್ತದೆ ಎಂದು ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ. ನೀವು 30 ಕೆ.ಜಿ. ಹಾಕಿದರೂ ಸೀಲಿಂಗಿಗೆ ಬೀಳುವುದು 15 ಕೆ.ಜಿ. ಮಾತ್ರ, ಅದೂ ಎರಡು ಬ್ರಾಕೆಟ್‌ಗಳಿಗೆ ಹಂಚಿಹೋಗುತ್ತದೆ. 8ರ ಬದಲು 10 ಮಿ.ಮೀ. ಪ್ಲಗ್ ಹೊಡೆಸಿ, ಮುಗಿಯಿತು.

ಹೆಂಚಿನಮನೆ, ನಾಪೋಕ್ಲು

ನಮ್ಮದು ಹೆಂಚಿನ ಮನೆ. ಜಗಲಿಯ ಮಾಡಿನ ತೊಲೆಗೆ ಇದೇ ಹ್ಯಾಂಗರನ್ನು ಮರದ ಸ್ಕ್ರೂನಿಂದ ಬಿಗಿದು ಐದು ವರ್ಷವಾಯಿತು, ಒಂದು ದಿನವೂ ಅಲುಗಿಲ್ಲ. ಅಜ್ಜಿ ಇದ್ದಾಗ ಒಲೆಯ ಮೇಲೆ ಬಿದಿರಿನ ಗಳ ತೂಗುಹಾಕಿ ಒಣಗಿಸುತ್ತಿದ್ದರು; ಬಟ್ಟೆಗೆಲ್ಲ ಹೊಗೆಯ ವಾಸನೆ ಬರುತ್ತಿತ್ತು, ಆದರೆ ಒಣಗುತ್ತಿತ್ತು. ನೀವು ಕೂಡ ತೊಲೆಯನ್ನು ಹುಡುಕಿ ಅದಕ್ಕೇ ಬಿಗಿಯಿರಿ, ಹಲಗೆಗೆ ಬೇಡ.

ಮೂರನೇಮಹಡಿ, ಮಡಿಕೇರಿ

ನಮ್ಮದು ಆರ್.ಸಿ.ಸಿ. ಸ್ಲ್ಯಾಬ್, ತೊಲೆಯಿಲ್ಲ. ಆದರೂ ಧನ್ಯವಾದ.

ಹಳೇಸೂಪರ್‌ವೈಸರ್, ಸೋಮವಾರಪೇಟೆ

ಮೂವತ್ತು ವರ್ಷ ಕಟ್ಟಡದ ಕೆಲಸ ನೋಡಿಕೊಂಡವನು ನಾನು, ಆದ್ದರಿಂದ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಮೊದಲು ಪೇಟೆಹುಡುಗನ ಮಾತು. ರಾಟೆ ಭಾರವನ್ನು ಅರ್ಧ ಮಾಡುವುದು, ಆ ರಾಟೆಯೇ ಭಾರದ ಜೊತೆಗೆ ಮೇಲೆ ಕೆಳಗೆ ಚಲಿಸುವಾಗ ಮಾತ್ರ. ಸೀಲಿಂಗಿಗೆ ಬಿಗಿದ ರಾಟೆ ಬಾವಿಯ ರಾಟೆಯಂತೆ. ಅದು ಎಳೆತದ ದಿಕ್ಕನ್ನು ಬದಲಿಸುತ್ತದೆ, ಅಷ್ಟೇ. ಹತ್ತು ಕೆ.ಜಿ.ಯ ಕೊಡವನ್ನು ಮೇಲೆತ್ತಲು ನೀವು ಹತ್ತು ಕೆ.ಜಿ.ಯಷ್ಟೇ ಎಳೆಯಬೇಕು, ಆಗ ರಾಟೆಯನ್ನು ಹೊತ್ತ ಅಡ್ಡಮರದ ಮೇಲೆ ಬೀಳುವುದು ಇಪ್ಪತ್ತು ಕೆ.ಜಿ., ಏಕೆಂದರೆ ಒಂದು ಕಡೆ ಕೊಡ ಜಗ್ಗುತ್ತದೆ, ಇನ್ನೊಂದು ಕಡೆ ನೀವು ಜಗ್ಗುತ್ತೀರಿ. ಹ್ಯಾಂಗರಿನಲ್ಲಿ ನಿಮ್ಮ ಕೈಯ ಬದಲು ಗೋಡೆಯ ಕೊಕ್ಕೆ ಹಗಲೂ ರಾತ್ರಿ ಜಗ್ಗುತ್ತಿರುತ್ತದೆ. ಹಾಗಾಗಿ ಸೀಲಿಂಗಿನ ಮೇಲಿನ ಒಟ್ಟು ಭಾರ ಬಟ್ಟೆಯ ಅರ್ಧವಲ್ಲ, ಎರಡರಷ್ಟು.

ಆ ಎರಡರಷ್ಟು ಭಾರ ಎರಡೂ ಬ್ರಾಕೆಟ್‌ಗಳಿಗೆ ಸಮವಾಗಿ ಹಂಚಿಹೋಗುವುದಿಲ್ಲ ಎನ್ನುವುದೇ ಮುಖ್ಯ ವಿಷಯ. ಒಂದು ಪೈಪನ್ನು ತೆಗೆದುಕೊಳ್ಳಿ. ಅದರ ಆಚೆ ತುದಿಯ ಹಗ್ಗ ನೇರ ಮೇಲೆ ಹೋಗಿ, ಆಚೆಯ ರಾಟೆಯನ್ನು ಸುತ್ತಿ, ಸೀಲಿಂಗಿನ ಉದ್ದಕ್ಕೂ ಅಡ್ಡ ಬಂದು, ಕೊಕ್ಕೆಯ ಕಡೆಯ ಬ್ರಾಕೆಟ್ಟಿನಲ್ಲಿ ಮತ್ತೊಮ್ಮೆ ತಿರುಗಿ ಕೆಳಗಿಳಿಯುತ್ತದೆ. ಈಚೆ ತುದಿಯ ಹಗ್ಗ ಕೊಕ್ಕೆಯ ಕಡೆಯ ಬ್ರಾಕೆಟ್ಟಿಗೇ ಏರಿ ಅಲ್ಲಿಂದಲೇ ಇಳಿಯುತ್ತದೆ. ಪೈಪು ಮತ್ತು ಬಟ್ಟೆ ಸೇರಿ 4 ಕೆ.ಜಿ. ಎಂದಿಟ್ಟುಕೊಂಡರೆ ಪ್ರತಿ ಹಗ್ಗದಲ್ಲಿ 2 ಕೆ.ಜಿ. ಬಿಗಿತ. ಆಚೆಯ ಬ್ರಾಕೆಟ್ಟನ್ನು ಕೆಳಕ್ಕೆ ಜಗ್ಗುವುದು ಆ 2 ಕೆ.ಜಿ. ಮಾತ್ರ. ಕೊಕ್ಕೆಯ ಕಡೆಯ ಬ್ರಾಕೆಟ್ಟನ್ನು ಈಚೆ ತುದಿಯ 2, ಕೊಕ್ಕೆಗೆ ಇಳಿಯುವ ಎರಡು ಎಳೆಗಳ 2 ಮತ್ತು 2, ಹೀಗೆ ಒಟ್ಟು 6 ಕೆ.ಜಿ. ಜಗ್ಗುತ್ತದೆ. ಅಂದರೆ ಮೂರು ಪಟ್ಟು. ಇದಲ್ಲದೆ ಅಡ್ಡ ಹೋಗುವ ಹಗ್ಗ ಎರಡೂ ಬ್ರಾಕೆಟ್‌ಗಳನ್ನು ಒಂದರ ಕಡೆಗೊಂದು 2 ಕೆ.ಜಿ.ಯಷ್ಟು ಎಳೆಯುತ್ತದೆ.

ನಿಮ್ಮ ಬಟ್ಟೆಯ ತೂಕವೆಷ್ಟು ಎಂದು ಗೊತ್ತಾದರೆ ಲೆಕ್ಕ ಮಾಡಿಯೇ ತೋರಿಸಬಹುದು. ಹಾಗೆಯೇ ಕಿತ್ತುಹೋದ ತೂತಿಗೆ ಒಂದು ಬೆಂಕಿಕಡ್ಡಿ ಇಳಿಸಿ, ಒಟ್ಟು ಆಳವೆಷ್ಟು, ಅದರಲ್ಲಿ ಗಾರೆ ಎಷ್ಟು, ಕಾಂಕ್ರೀಟು ಎಷ್ಟು ಎಂದು ನೋಡಿ ತಿಳಿಸಿ.

ಮೂರನೇಮಹಡಿ, ಮಡಿಕೇರಿ

ಸರ್, ಬ್ಯಾಗು ತೂಗುವ ಕೈತಕ್ಕಡಿ ಮನೆಯಲ್ಲಿತ್ತು. ಅಂದಿನಂತೆಯೇ ಎರಡು ಡಬಲ್ ಬೆಡ್‌ಶೀಟು, ನಾಲ್ಕು ಜೀನ್ಸ್, ಟವೆಲ್ಲುಗಳು ಮತ್ತು ಮಕ್ಕಳ ಸಮವಸ್ತ್ರಗಳನ್ನು ಒಗೆದು, ಬಕೆಟ್ಟಿನಲ್ಲಿಟ್ಟು ತೂಗಿದೆ. ವಾಷಿಂಗ್ ಮಷಿನ್ನಿನಲ್ಲಿ ಹಿಂಡಿದ್ದರೂ ಸುಮಾರು 14 ಕೆ.ಜಿ. ಬಂತು, ಒಂದು ಜೀನ್ಸೇ ಒಂದೂಕಾಲು ಕೆ.ಜಿ. ಆರು ಖಾಲಿ ಪೈಪುಗಳು ಸೇರಿ 4 ಕೆ.ಜಿ.ಗೆ ಸ್ವಲ್ಪ ಕಡಿಮೆ.

ಬೆಂಕಿಕಡ್ಡಿ 35 ಮಿ.ಮೀ.ವರೆಗೆ ಇಳಿಯಿತು. ತೂತಿನ ಸುತ್ತ ಗಾರೆ ಬಟ್ಟಲಿನ ಆಕಾರದಲ್ಲಿ ಎದ್ದುಹೋಗಿರುವುದರಿಂದ ಅದರ ದಪ್ಪ ಚೆನ್ನಾಗಿ ಕಾಣುತ್ತದೆ, 15 ಮಿ.ಮೀ.ಗಿಂತ ಹೆಚ್ಚೇ ಇದೆ. ಬ್ರಾಕೆಟ್ಟಿನಲ್ಲಿ ನಾಲ್ಕು ತೂತುಗಳಿದ್ದರೂ ಫಿಟ್ಟರ್ ಹಾಕಿದ್ದು ಎರಡೇ ಸ್ಕ್ರೂ. ಪ್ಲಗ್ಗುಗಳು ಸ್ಕ್ರೂಗೆ ಅಂಟಿಕೊಂಡೇ ಹೊರಗೆ ಬಂದಿವೆ, ಅವುಗಳ ಮೈಗೆಲ್ಲ ಬಿಳಿ ಪುಡಿ ಮೆತ್ತಿಕೊಂಡಿದೆ.

ಹಳೇಸೂಪರ್‌ವೈಸರ್, ಸೋಮವಾರಪೇಟೆ

ಆ ಬಿಳಿ ಪುಡಿಯೇ ಸಾಕ್ಷಿ. ತೂತು ಕೊರೆದ ಮೇಲೆ ಒಳಗಿನ ಪುಡಿಯನ್ನು ತೆಗೆಯದೆ ಪ್ಲಗ್ ಬಡಿದಿದ್ದಾರೆ. ಪುಡಿಯ ಮೇಲೆ ಕೂತ ಪ್ಲಗ್ ಕಾಂಕ್ರೀಟನ್ನು ಹಿಡಿಯುವುದಿಲ್ಲ, ಜಾರುತ್ತದೆ. ಗೋಡೆಯಲ್ಲಾದರೆ ಭಾರ ಸ್ಕ್ರೂಗೆ ಅಡ್ಡಲಾಗಿ ಬೀಳುವುದರಿಂದ ಹೇಗೋ ನಡೆದುಹೋಗುತ್ತದೆ. ಸೀಲಿಂಗಿನಲ್ಲಿ ಪೂರ್ತಿ ಭಾರ ಸ್ಕ್ರೂವನ್ನು ನೇರ ಹೊರಕ್ಕೆ ಕೀಳುತ್ತದೆ. 35ರಲ್ಲಿ 15 ಗಾರೆಗೆ ಹೋದರೆ ಕಾಂಕ್ರೀಟಿನಲ್ಲಿ ಉಳಿದದ್ದು 20 ಮಿ.ಮೀ., ಅಂದರೆ ಮುಕ್ಕಾಲು ಇಂಚು.

ಈಗ ಲೆಕ್ಕ. ಬಟ್ಟೆ 14, ಪೈಪು 4, ಒಟ್ಟು 18 ಕೆ.ಜಿ. ಆಚೆಯ ಬ್ರಾಕೆಟ್ಟಿಗೆ ಬಿದ್ದದ್ದು 9 ಕೆ.ಜಿ., ಕೊಕ್ಕೆಯ ಕಡೆಯದಕ್ಕೆ 27. ನಿಮ್ಮವರು ಎಳೆಯುತ್ತಿದ್ದ ಹೊತ್ತಿನಲ್ಲಿ ಇದಕ್ಕಿಂತ ಹೆಚ್ಚು. ರಾಟೆಯ ಉಜ್ಜಾಟವನ್ನು ಮೀರಿ ಎಳೆಯಬೇಕಾದ್ದರಿಂದ ಕೈಯ ಬಲ ಬಟ್ಟೆಯ ಭಾರಕ್ಕಿಂತ ಹೆಚ್ಚಿರುತ್ತದೆ, ಅದರ ಮೇಲೆ ಒಂದು ಜಗ್ಗು ಬಿದ್ದರೆ ಆ ಕ್ಷಣದ ಬಿಗಿತ ಸುಲಭವಾಗಿ ಎರಡರಷ್ಟಾಗುತ್ತದೆ. ಎರಡು ವರ್ಷ ಅದು ಅಲ್ಲೇ ನಿಂತದ್ದೇ ದೊಡ್ಡದು.

ಅದೇ ತೂತಿಗೆ ದಪ್ಪ ಪ್ಲಗ್ ಖಂಡಿತ ಬೇಡ. ಅಂಚು ಒಡೆದ ತೂತಿನಲ್ಲಿ ಯಾವ ಪ್ಲಗ್ಗೂ ನಿಲ್ಲುವುದಿಲ್ಲ. ಬ್ರಾಕೆಟ್ಟನ್ನು ನಾಲ್ಕು ಇಂಚಿನಷ್ಟು ಸರಿಸಿ ಹೊಸ ಜಾಗ ಹುಡುಕಿ. ಮೊದಲು ಸುತ್ತಿಗೆಯ ಹಿಡಿಯಿಂದ ಸೀಲಿಂಗನ್ನು ತಟ್ಟಿ ನೋಡಿ. ಗಟ್ಟಿ ಶಬ್ದ ಬರಬೇಕು. ಪೊಳ್ಳು ಶಬ್ದ ಬಂದರೆ ಗಾರೆ ಸ್ಲ್ಯಾಬಿನಿಂದ ಬಿಟ್ಟುಕೊಂಡಿದೆ, ಅಥವಾ ಒಳಗಿನ ಕಂಬಿ ತುಕ್ಕು ಹಿಡಿದು ಕಾಂಕ್ರೀಟೇ ಎದ್ದಿದೆ ಎಂದರ್ಥ. ಬಾಲ್ಕನಿಯ ಹೊರ ಅಂಚಿಗೆ ತೀರ ಹತ್ತಿರ ಹೋಗಬೇಡಿ, ಬೋಲ್ಟ್ ಹಿಗ್ಗಿದಾಗ ಅಂಚು ಸೀಳುತ್ತದೆ. ಐದಾರು ಇಂಚು ಒಳಗಿರಲಿ. ಬಾಲ್ಕನಿಯ ದೀಪದಿಂದ ಗೋಡೆಯ ಸ್ವಿಚ್ಚಿನ ಕಡೆಗೆ ಸ್ಲ್ಯಾಬಿನೊಳಗೆ ವೈರಿನ ಪೈಪು ಹೋಗಿರುತ್ತದೆ, ಆ ದಾರಿಯನ್ನು ಬಿಟ್ಟು ಕೊರೆಯಿರಿ, ಕೊರೆಯುವಾಗ ಆ ಲೈನಿನ ಕರೆಂಟ್ ತೆಗೆದಿರಲಿ.

ಪ್ಲಾಸ್ಟಿಕ್ ಪ್ಲಗ್ ಬಿಟ್ಟು 8 ಮಿ.ಮೀ.ನ ಕಬ್ಬಿಣದ ಆಂಕರ್ ಬೋಲ್ಟ್ ತನ್ನಿ, ಸಾಧ್ಯವಾದರೆ ಸ್ಟೇನ್‌ಲೆಸ್ ಸ್ಟೀಲಿನದು, ಇಲ್ಲವಾದರೆ ಮುಂದಿನ ಮಳೆಗಾಲಕ್ಕೆ ತುಕ್ಕಿನ ನೀರು ಬಿಳಿ ಅಂಗಿಯ ಮೇಲೆ ಇಳಿಯುತ್ತದೆ. ಬೋಲ್ಟಿನ ಹಿಗ್ಗುವ ಭಾಗ ಪೂರ್ತಿಯಾಗಿ ಕಾಂಕ್ರೀಟಿನೊಳಗಿರಬೇಕು, ಗಾರೆಯೊಳಗಲ್ಲ. ನಿಮ್ಮ ಗಾರೆಯ ದಪ್ಪವನ್ನು ಸೇರಿಸಿದರೆ ಎರಡೂವರೆ ಇಂಚು ಆಳದ ತೂತು ಬೇಕು. ಡ್ರಿಲ್ ಬಿಟ್ಟಿಗೆ ಆ ಅಳತೆಯಲ್ಲಿ ಟೇಪು ಸುತ್ತಿಕೊಳ್ಳಿ. ಸ್ಲ್ಯಾಬ್ ಸಾಮಾನ್ಯವಾಗಿ ನಾಲ್ಕೈದು ಇಂಚು ಇರುತ್ತದೆ, ಆದ್ದರಿಂದ ಮೇಲಿನ ಮನೆಗೆ ತೂತು ಬೀಳುವುದಿಲ್ಲ. ತೂತಿನ ಅಗಲ ಬೋಲ್ಟಿನ ಪೊಟ್ಟಣದ ಮೇಲೆ ಬರೆದಷ್ಟೇ ಇರಲಿ, ಒಂದು ಮಿ.ಮೀ. ಹೆಚ್ಚಾದರೂ ಬೋಲ್ಟ್ ಗಿರಗಿರನೆ ತಿರುಗುತ್ತದೆ. ಪುಡಿಯನ್ನು ಬಾಟಲಿ ತೊಳೆಯುವ ಬ್ರಷ್ಷಿನಿಂದ ತಿಕ್ಕಿ, ಸೈಕಲ್ ಪಂಪಿನಿಂದ ಊದಿ, ಮತ್ತೆ ತಿಕ್ಕಿ, ಮತ್ತೆ ಊದಿ. ಕಣ್ಣಿಗೆ ಕನ್ನಡಕ ಇರಲಿ.

ಪೇಟೆಹುಡುಗ, ವಿರಾಜಪೇಟೆ

ಬಾವಿಯ ಉದಾಹರಣೆಗೆ ನನ್ನ ಬಳಿ ಉತ್ತರವಿಲ್ಲ, ಒಪ್ಪಿದೆ. ಆದರೆ ಒಂದು ಮಾತು. ರಾಟೆಯಲ್ಲಿ ಉಜ್ಜಾಟವಿದೆ ಎಂದು ನೀವೇ ಹೇಳಿದಿರಿ. ಕಟ್ಟಿಟ್ಟ ಮೇಲೆ ಅದೇ ಉಜ್ಜಾಟ ಸ್ವಲ್ಪ ಭಾರವನ್ನು ತಾನೇ ಹಿಡಿದುಕೊಳ್ಳುವುದರಿಂದ ಕೊಕ್ಕೆಗೆ ಹೋಗುವ ಎಳೆಯಲ್ಲಿ ಬಿಗಿತ ಕಡಿಮೆಯಾಗಬೇಕಲ್ಲವೇ? ಹಾಗಿದ್ದರೆ ಮೂರು ಪಟ್ಟು ಎನ್ನುವುದು ಪೂರ್ತಿ ನಿಜವಲ್ಲ.

ಹಳೇಸೂಪರ್‌ವೈಸರ್, ಸೋಮವಾರಪೇಟೆ

ಸರಿಯಾದ ಪ್ರಶ್ನೆ. ಸುಮ್ಮನೆ ತೂಗುತ್ತಿರುವಾಗ ಅದು ಎರಡೂವರೆಯೋ ಎರಡೂಮುಕ್ಕಾಲೋ ಆಗಬಹುದು. ಆದರೆ ಎಳೆಯುವಾಗ ಅದೇ ಉಜ್ಜಾಟ ತಿರುಗಿಬಿದ್ದು ಮೂರನ್ನು ಮೀರಿಸುತ್ತದೆ, ಬ್ರಾಕೆಟ್ ಕಿತ್ತು ಬರುವುದೂ ಆಗಲೇ. ಅದಕ್ಕೇ ನಾನು ಮೂರಕ್ಕಿಂತ ಕಡಿಮೆ ಹಿಡಿಯುವುದಿಲ್ಲ.

ಇನ್ನೊಂದು ವಿಷಯ ನೆನಪಾಯಿತು. ಜೀನ್ಸ್‌ಗಳನ್ನೆಲ್ಲ ಕೈಗೆ ಸಿಗುತ್ತದೆಂದು ಪೈಪಿನ ಈಚೆ ತುದಿಗೇ ಹಾಕಿದರೆ, ಕೊಕ್ಕೆಯ ಕಡೆಯ ಬ್ರಾಕೆಟ್ಟಿಗೆ ಅವುಗಳ ತೂಕದ ಎರಡು ಪಟ್ಟು ಬೀಳುತ್ತದೆ, ಆಚೆಯದಕ್ಕೆ ಏನೂ ಇಲ್ಲ. ಆಚೆ ತುದಿಗೆ ಹಾಕಿದರೆ ಎರಡಕ್ಕೂ ಒಂದೊಂದು ಪಟ್ಟು. ಭಾರದ ಬಟ್ಟೆ ಕೊಕ್ಕೆಯಿಂದ ದೂರದ ತುದಿಗೆ ಹೋಗಲಿ.

ಹಗ್ಗದಂಗಡಿ, ಕುಶಾಲನಗರ

ನನ್ನದು ಹಾರ್ಡ್‌ವೇರ್ ಅಂಗಡಿ. ಬ್ರಾಕೆಟ್ಟಿನ ಬಗ್ಗೆ ಹಿರಿಯರು ಹೇಳಿದ ಮೇಲೆ ನಾನು ಹೇಳುವುದಿಲ್ಲ, ಹಗ್ಗದ ಬಗ್ಗೆ ಮಾತ್ರ ಹೇಳುತ್ತೇನೆ. ಪೈಪು ಒಂದು ಕಡೆ ವಾಲಿದೆ, ಅಳತೆ ಸರಿಯಾಗಿಯೇ ಕಟ್ಟಿದ್ದೇವೆ ಎಂದು ದೂರು ಹೇಳುತ್ತಾ ಬರುವವರು ತುಂಬ ಜನ. ಪೆಟ್ಟಿಗೆಯಲ್ಲಿ ಬರುವುದು ಹೆಚ್ಚಾಗಿ ಸಣ್ಣ ನೈಲಾನ್ ಹಗ್ಗ. ನೈಲಾನ್ ಭಾರಕ್ಕೆ ಹಿಗ್ಗುತ್ತದೆ, ನೆನೆದರೆ ಇನ್ನೂ ಹಿಗ್ಗುತ್ತದೆ. ಆಚೆ ತುದಿಯ ಹಗ್ಗ ಪೈಪಿನ ಉದ್ದದಷ್ಟು ಹೆಚ್ಚಿರುವುದರಿಂದ ಅದರ ಹಿಗ್ಗೂ ಹೆಚ್ಚು, ಹಾಗಾಗಿ ಪೈಪು ಆಚೆ ಕಡೆಗೇ ವಾಲುತ್ತದೆ. ಹಿರಿಯರು ಹೇಳಿದಂತೆ ಭಾರವನ್ನು ಆಚೆ ತುದಿಗೆ ಹಾಕಿದರೆ ಈ ವಾಲುವಿಕೆ ಇನ್ನಷ್ಟು ಹೆಚ್ಚಾಗಿ ಹ್ಯಾಂಗರುಗಳೆಲ್ಲ ಆ ಮೂಲೆಗೆ ಜಾರುತ್ತವೆ, ಅದನ್ನೂ ಗಮನಿಸಿ. ಅದಕ್ಕೇ ನಾನು ಹೆಣೆದ ಪಾಲಿಯೆಸ್ಟರ್ ಹಗ್ಗ ಕೊಡುತ್ತೇನೆ, ಅದು ಅಷ್ಟು ಹಿಗ್ಗುವುದಿಲ್ಲ. ಹತ್ತಿಯ ಹಗ್ಗ ನಮ್ಮ ಜಿಲ್ಲೆಯ ಮಳೆಗೆ ಕೊಳೆಯುತ್ತದೆ, ಬೇಡವೇ ಬೇಡ.

ಹಗ್ಗ ತುಂಡಾಗುವುದು ನಡುವೆ ಎಲ್ಲೋ ಅಲ್ಲ. ದಿನವೂ ಪೈಪನ್ನು ಅದೇ ಎತ್ತರಕ್ಕೆ ಎಳೆದು ಕಟ್ಟುವುದರಿಂದ ರಾಟೆಯ ಮೇಲೆ ಕೂರುವುದು ಹಗ್ಗದ ಅದೇ ಎರಡು ಇಂಚು. ಪೈಪನ್ನು ಇಳಿಸಿ ಆ ಜಾಗವನ್ನು ಬೆರಳಿನಲ್ಲಿ ಸವರಿ ನೋಡಿ. ಬೆಕ್ಕಿನ ಮೀಸೆಯಂತೆ ನೂಲು ಎದ್ದಿದ್ದರೆ, ಅಥವಾ ಹಗ್ಗ ಅಲ್ಲಿ ಚಪ್ಪಟೆಯಾಗಿ ಗಟ್ಟಿಯಾಗಿದ್ದರೆ, ಪೈಪಿನ ಕಡೆಯ ಗಂಟನ್ನು ಬಿಚ್ಚಿ ನಾಲ್ಕು ಇಂಚು ಕತ್ತರಿಸಿ ಮತ್ತೆ ಕಟ್ಟಿ. ರಾಟೆಯ ಮೇಲೆ ಹೊಸ ಜಾಗ ಬರುತ್ತದೆ. ಎರಡನೆಯ ಸಲ ಹೀಗಾದರೆ ಹಗ್ಗವನ್ನೇ ಬದಲಿಸಿ. ನೂಲು ಬೇಗ ಏಳುತ್ತಿದ್ದರೆ ರಾಟೆ ತಿರುಗುತ್ತಿಲ್ಲ, ಅಥವಾ ಹಗ್ಗ ರಾಟೆಯ ತೋಡಿನಿಂದ ಜಾರಿ ರಾಟೆಗೂ ತಗಡಿಗೂ ನಡುವೆ ಸಿಕ್ಕಿಕೊಂಡಿದೆ ಎಂದು ತಿಳಿಯಿರಿ.

ಮೂರನೇಮಹಡಿ, ಮಡಿಕೇರಿ

ನೈಲಾನ್ ಸ್ವಲ್ಪ ಹಿಗ್ಗಿದರೆ ಜಗ್ಗು ಬಿದ್ದಾಗ ಬ್ರಾಕೆಟ್ಟಿಗೆ ಪೆಟ್ಟು ಕಡಿಮೆಯಾಗುತ್ತದೆ, ಅದೇ ಒಳ್ಳೆಯದು ಎಂದು ನಮ್ಮವರ ವಾದ. ಇದು ಸರಿಯೇ?

ಹಗ್ಗದಂಗಡಿ, ಕುಶಾಲನಗರ

ಆ ಮಾತಿನಲ್ಲಿ ಹುರುಳಿದೆ. ಆದರೆ ಬ್ರಾಕೆಟ್ ಗಟ್ಟಿಯಾಗಿದ್ದರೆ ಆ ಪೆಟ್ಟಿಗೆ ಹೆದರಬೇಕಾಗಿಲ್ಲ, ವಾಲಿದ ಪೈಪನ್ನು ಮಾತ್ರ ದಿನವೂ ನೋಡಬೇಕಾಗುತ್ತದೆ.

ಹಳೇಸೂಪರ್‌ವೈಸರ್, ಸೋಮವಾರಪೇಟೆ

ನಾನಾಗಿದ್ದರೆ ನೈಲಾನನ್ನೇ ಇಟ್ಟುಕೊಳ್ಳುತ್ತಿದ್ದೆ. ಪೈಪು ವಾಲಿದರೆ ಗಂಟು ಬಿಚ್ಚಿ ಕಟ್ಟಬಹುದು.

ನಾಲ್ಕನೇಬ್ಲಾಕ್, ಮಡಿಕೇರಿ

ನಾನು ನಮ್ಮ ಅಪಾರ್ಟ್‌ಮೆಂಟಿನ ಸಂಘದ ಕೆಲಸ ನೋಡಿಕೊಳ್ಳುತ್ತೇನೆ. ಇಲ್ಲಿ ಒಂದು ತಕರಾರು ಎದ್ದಿದೆ. ಕೆಳಗಿನ ಮನೆಯವರು ಹ್ಯಾಂಗರ್ ಹಾಕಿಸಿದ ಮೇಲೆ ಬೋಲ್ಟಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿದೆ. ಮೇಲಿನ ಮನೆಯವರು "ನೀವು ಕೊರೆದದ್ದರಿಂದಲೇ ಸೋರುತ್ತಿದೆ" ಎನ್ನುತ್ತಾರೆ, ಕೆಳಗಿನವರು "ನಿಮ್ಮ ಬಾಲ್ಕನಿಯ ನೆಲವೇ ಸೋರುತ್ತಿದೆ" ಎನ್ನುತ್ತಾರೆ. ಇದಕ್ಕೆ ಯಾರು ಹೊಣೆ?

ಹಳೇಸೂಪರ್‌ವೈಸರ್, ಸೋಮವಾರಪೇಟೆ

ಎರಡೂವರೆ ಇಂಚು ಕೊರೆದರೆ ಮೇಲಿನ ನೆಲದ ವಾಟರ್‌ಪ್ರೂಫಿಂಗ್ ಮುಟ್ಟುವುದಿಲ್ಲ. ನೀರು ಆಗಲೇ ಸ್ಲ್ಯಾಬಿನೊಳಗೆ ಇಳಿದಿತ್ತು, ತೂತು ಅದಕ್ಕೆ ಹೊರಬರುವ ದಾರಿ ಮಾಡಿಕೊಟ್ಟಿತು. ಮಳೆಯಿಲ್ಲದ ಎರಡು ದಿನ ನೋಡಿಕೊಂಡು, ಮೇಲಿನವರು ಬಾಲ್ಕನಿ ತೊಳೆದ ಮೇಲೆ ತೊಟ್ಟಿಕ್ಕುವುದು ಹೆಚ್ಚುತ್ತದೆಯೇ ಗಮನಿಸಿ. ಹೆಚ್ಚಿದರೆ ದೋಷ ಮೇಲಿನ ನೆಲದ್ದು. ಕೆಳಗಿನಿಂದ ಬೋಲ್ಟಿನ ಸುತ್ತ ಸೀಲೆಂಟ್ ಮೆತ್ತಿದರೆ ನೀರು ಒಳಗೇ ನಿಂತು ಕಂಬಿಗೆ ತುಕ್ಕು ಹಿಡಿಸುತ್ತದೆ. ದುಡ್ಡು ಯಾರು ಕೊಡಬೇಕು ಎನ್ನುವುದು ನನ್ನ ವಿಷಯವಲ್ಲ.

ನಾಲ್ಕನೇಬ್ಲಾಕ್, ಮಡಿಕೇರಿ

ನಮಗೆ ಬೇಕಾಗಿರುವುದೇ ಆ ಉತ್ತರ.

ಮೂರನೇಮಹಡಿ, ಮಡಿಕೇರಿ

ಕೆಲಸ ಮುಗಿಯಿತು, ವರದಿ ಒಪ್ಪಿಸುತ್ತಿದ್ದೇನೆ. ಬೇರೆ ಫಿಟ್ಟರನ್ನು ಕರೆಸಿ ಪಕ್ಕದಲ್ಲೇ ನಿಂತು ಮಾಡಿಸಿದೆ. ಮೊದಲ ತೂತಿನಲ್ಲಿ ಡ್ರಿಲ್ ಬಿಟ್ಟು ಒಂದೂವರೆ ಇಂಚಿಗೆ ನಿಂತು ಕೀರಲು ಶಬ್ದ ಬಂತು, ಉದುರಿದ ಪುಡಿಯಲ್ಲಿ ಬೆಳ್ಳಗೆ ಹೊಳೆಯುವ ಚೂರುಗಳಿದ್ದವು. ಕಂಬಿ ಸಿಕ್ಕಿತೆಂದು ಅಲ್ಲಿಗೇ ನಿಲ್ಲಿಸಿ, ಬ್ರಾಕೆಟ್ಟನ್ನು ಎರಡು ಇಂಚು ಸರಿಸಿ ಕೊರೆಸಿದೆ. ನಾಲ್ಕು ಬೋಲ್ಟುಗಳಲ್ಲಿ ಮೂರು ಬಿಗಿಯಾಗಿ ಕೂತವು, ನಾಲ್ಕನೆಯದು ಎಷ್ಟು ತಿರುಗಿಸಿದರೂ ಬಿಗಿಯಾಗದೆ ಸುಮ್ಮನೆ ತಿರುಗುತ್ತಿದೆ.

ಹಗ್ಗ ಪೋಣಿಸುವ ಮೊದಲು ಪರೀಕ್ಷೆ ಹೇಗೆ ಮಾಡಲಿ?

ಹಳೇಸೂಪರ್‌ವೈಸರ್, ಸೋಮವಾರಪೇಟೆ

ತಿರುಗುವ ಬೋಲ್ಟನ್ನು ಲೆಕ್ಕಕ್ಕೆ ಹಿಡಿಯಬೇಡಿ. ಗಟ್ಟಿ ಕಾಂಕ್ರೀಟಿನಲ್ಲಿ ಸರಿಯಾಗಿ ಕೂತ 8 ಮಿ.ಮೀ. ಬೋಲ್ಟ್ ಒಂದೇ ನೂರು ಕೆ.ಜಿ.ಗಿಂತ ಹೆಚ್ಚು ತಡೆಯುತ್ತದೆ, ನಿಮಗೆ ಮೂರು ಸಾಕು. ಬ್ರಾಕೆಟ್ಟಿನ ಸುತ್ತ ಪೆನ್ಸಿಲ್ ಗೆರೆ ಎಳೆಯಿರಿ. ಇಪ್ಪತ್ತು ಲೀಟರಿನ ಎರಡು ಬಕೆಟ್‌ಗಳಲ್ಲಿ ನೀರು ತುಂಬಿ, ದಪ್ಪ ಹಗ್ಗದಿಂದ ಅದೇ ಬ್ರಾಕೆಟ್ಟಿಗೆ ನೆಲದಿಂದ ಒಂದು ಗೇಣು ಮೇಲೆ ತೂಗುಹಾಕಿ. ಅದು 40 ಕೆ.ಜಿ., ನಿಮ್ಮ 27ರ ಒಂದೂವರೆ ಪಟ್ಟು. ರಾತ್ರಿಯಿಡೀ ಇರಲಿ. ಬೆಳಿಗ್ಗೆ ಗೆರೆ ಸರಿದಿರಬಾರದು, ಬ್ರಾಕೆಟ್ಟಿಗೂ ಸೀಲಿಂಗಿಗೂ ನಡುವೆ ಒಂದು ಕಾಗದ ಕೂಡ ತೂರಬಾರದು. ಆಚೆ ತುದಿಯದಕ್ಕೆ ಒಂದು ಬಕೆಟ್ ಸಾಕು. ಗೋಡೆಯ ಕೊಕ್ಕೆಯನ್ನೂ ಮರೆಯಬೇಡಿ, ಅದನ್ನು 18 ಕೆ.ಜಿ. ಮೇಲಕ್ಕೆ ಕೀಳುತ್ತಿರುತ್ತದೆ.

ಪೆಟ್ಟಿಗೆಯ ಮೇಲಿನ 30 ಕೆ.ಜಿ. ಆರು ಪೈಪುಗಳಿಗೂ ಸಮನಾಗಿ ಹಂಚಿದರೆ ಒಂದಕ್ಕೆ 5 ಕೆ.ಜಿ. ಕೈಯಲ್ಲಿ ಹಿಂಡಿದ ಒಂದು ದಪ್ಪ ಹೊದಿಕೆ ಒಂಟಿಯಾಗಿಯೇ ಅದನ್ನು ಮೀರಬಹುದು; ಅದನ್ನು ಎರಡು ಪೈಪುಗಳ ಮೇಲೆ ಹರವಿ. ನೀವು ಬಟ್ಟೆಯ ತೂಕವನ್ನು 15 ಕೆ.ಜಿ.ಯ ಒಳಗಿಡಿ.

ಮೂರನೇಮಹಡಿ, ಮಡಿಕೇರಿ

ಬೆಳಿಗ್ಗೆ ಆರು ಗಂಟೆಗೆ ಟಾರ್ಚ್ ಹಿಡಿದು ನೋಡಿದೆ. ಕೊಕ್ಕೆಯ ಕಡೆಯ ಬ್ರಾಕೆಟ್ ಗೆರೆಯಲ್ಲೇ ಇದೆ, ಕಾಗದ ತೂರಲಿಲ್ಲ. ಆದರೆ ಇಷ್ಟು ದಿನ ನಾನು ನಂಬಿದ್ದ ಆಚೆ ತುದಿಯ ಹಳೆಯ ಬ್ರಾಕೆಟ್ಟಿನ ಒಂದು ಬದಿ, ಒಂದೇ ಬಕೆಟ್ಟಿಗೆ, ಎರಡು ಕಾಗದದಷ್ಟು ಕೆಳಗೆ ಬಂದಿದೆ. ಫಿಟ್ಟರಿಗೆ ಮತ್ತೆ ಫೋನ್ ಮಾಡಿದ್ದೇನೆ, ಗುರುವಾರ ಬರುತ್ತಾನಂತೆ. ಅಲ್ಲಿಯವರೆಗೆ ಬಟ್ಟೆಯೆಲ್ಲ ಹಾಲಿನ ಫ್ಯಾನಿನ ಕೆಳಗೆ ಕುರ್ಚಿಗಳ ಮೇಲಿದೆ.

ಹೆಂಚಿನಮನೆ, ನಾಪೋಕ್ಲು

ನಿಮ್ಮೆಲ್ಲರ ಮಾತು ಓದಿ ನಾನೂ ಏಣಿ ಹತ್ತಿ ನೋಡಿದೆ. ನಮ್ಮಲ್ಲಿಯೂ ಕೊಕ್ಕೆಯ ಕಡೆಯ ಒಂದು ಸ್ಕ್ರೂ ತೊಲೆಯಿಂದ ಕಾಲು ಇಂಚು ಹೊರಗೆ ಬಂದಿದೆ. ಮರಕ್ಕೂ ಇದೇ ಲೆಕ್ಕವೇ ಸರ್?

ಹಳೇಸೂಪರ್‌ವೈಸರ್, ಸೋಮವಾರಪೇಟೆ

ಭಾರದ ಲೆಕ್ಕ ಅದೇ. ಈಗಲೇ ಬಟ್ಟೆ ಇಳಿಸಿ.